ಇರುವ ಮನೆಯೇ ತಿಂಗಳ ಖರ್ಚಿಗೆ? ರಿವರ್ಸ್ ಮಾರ್ಟ್‌ಗೇಜ್‌ನ ಒಳಹೊರಗು

ಸಹೋದರಿಯರೇ, ನಿಮ್ಮ ಬೀದಿಯಲ್ಲಿಯೇ ಒಮ್ಮೆ ಕಣ್ಣು ಹಾಯಿಸಿ ನೋಡಿ. ಗೇಟು, ಬಾವಿ, ಎರಡು ತೆಂಗಿನ ಮರ, ಹಂಚಿನ ಮಾಡು ಹೋಗಿ ಟೆರೇಸ್ ಬಂದ ಒಂದು ಒಳ್ಳೆಯ ಮನೆ. ಒಳಗೆ ಇಬ್ಬರು ವೃದ್ಧರು. ಮನೆಯ ಬೆಲೆ ಕೇಳಿದರೆ ಮೂವತ್ತು ಲಕ್ಷ, ನಲ್ವತ್ತು ಲಕ್ಷ ಎನ್ನುತ್ತಾರೆ. ಆದರೆ ತಿಂಗಳ ಕೊನೆಯ ವಾರದಲ್ಲಿ ಬಿ.ಪಿ. ಮಾತ್ರೆ ತರಲು ಕೈಯಲ್ಲಿ ದುಡ್ಡಿಲ್ಲ. ಸರಕಾರಿ ನೌಕರಿ ಮಾಡಿದವರಿಗೆ ಪಿಂಚಣಿಯಾದರೂ ಇದೆ. ಅಂಗಡಿ ಇಟ್ಟವರಿಗೆ, ಬೀಡಿ ಕಂಪೆನಿಯಲ್ಲಿ ಲೆಕ್ಕ ಬರೆದವರಿಗೆ, ಹತ್ತಿಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ದುಡಿದದ್ದನ್ನೆಲ್ಲ ಮನೆಗೇ ಸುರಿದವರಿಗೆ ಅದೂ ಇಲ್ಲ. ಮಕ್ಕಳ ಮುಂದೆ ಕೈ ಚಾಚಲು ಸಂಕೋಚ. ಮನೆ ಮಾರೋಣವೆಂದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

ಇಂಥವರಿಗೆಂದೇ 2007ರಲ್ಲಿ ನಮ್ಮ ದೇಶದಲ್ಲಿ ಒಂದು ಯೋಜನೆ ಬಂತು. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಅದರ ಘೋಷಣೆಯಾಯಿತು. ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಅದಕ್ಕೆ ನಿಯಮಗಳನ್ನು ರೂಪಿಸಿತು. ಹೆಸರು ರಿವರ್ಸ್ ಮಾರ್ಟ್‌ಗೇಜ್, ಅಂದರೆ ಹಿಮ್ಮುಖ ಅಡಮಾನ. ಯಾರೋ ನೆಂಟರು, ಯಾರೋ ಬ್ಯಾಂಕಿನವರು ಈ ಹೆಸರು ಹೇಳಿರಬಹುದು. "ಮನೆಯಲ್ಲೇ ಇರಿ, ಬ್ಯಾಂಕು ತಿಂಗಳು ತಿಂಗಳು ದುಡ್ಡು ಕೊಡುತ್ತದೆ, ನೀವು ಕಂತು ಕಟ್ಟಬೇಕಾಗಿಲ್ಲ" ಎಂದೂ ಹೇಳಿರಬಹುದು. ಈ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದರ್ಧವನ್ನು ತಿಳಿಯದೆ ಸಹಿ ಹಾಕಬಾರದೆಂದು ಈ ಲೇಖನ.

ಮನೆ ಕಟ್ಟಲು ಸಾಲ ತೆಗೆದವರಿಗೆ ಸಾಮಾನ್ಯ ಅಡಮಾನ ಗೊತ್ತು. ಮೊದಲು ದೊಡ್ಡ ಮೊತ್ತ ಕೈಗೆ ಬರುತ್ತದೆ, ಆಮೇಲೆ ತಿಂಗಳು ತಿಂಗಳು ಕಟ್ಟುತ್ತಾ ಹೋದಂತೆ ಸಾಲ ಇಳಿಯುತ್ತದೆ. ಹಿಮ್ಮುಖ ಅಡಮಾನದಲ್ಲಿ ಎಲ್ಲವೂ ತಲೆಕೆಳಗು. ಬ್ಯಾಂಕು ನಿಮಗೆ ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುತ್ತದೆ. ಕೊಟ್ಟ ಪ್ರತಿಯೊಂದು ಕಂತೂ ಸಾಲ. ಅದಕ್ಕೆ ಬಡ್ಡಿ, ಆ ಬಡ್ಡಿಯ ಮೇಲೆ ಮತ್ತೆ ಬಡ್ಡಿ. ನೀವು ಬದುಕಿರುವವರೆಗೆ ಏನೂ ಕಟ್ಟುವುದಿಲ್ಲವಾದ್ದರಿಂದ ಸಾಲ ಇಳಿಯುವುದೇ ಇಲ್ಲ, ಏರುತ್ತಲೇ ಹೋಗುತ್ತದೆ. ಮನೆ ಮಾತ್ರ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಬ್ಯಾಂಕಿಗೆ ಮಾರಿದಂತೆ ಎಂದು ಕೆಲವರು ಹೆದರುತ್ತಾರೆ, ಅದು ತಪ್ಪು. ಗಂಡ ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ ಇಬ್ಬರಲ್ಲಿ ಕೊನೆಯವರು ತೀರಿಕೊಂಡ ಮೇಲೆ ಮಾತ್ರ ಬ್ಯಾಂಕು ತನ್ನ ಹಣ ಕೇಳುತ್ತದೆ.

ಅರ್ಜಿ ಹಾಕುವವರಿಗೆ 60 ವರ್ಷ ತುಂಬಿರಬೇಕು. ದಂಪತಿ ಜೊತೆಯಾಗಿ ಹಾಕಿದರೆ ಒಬ್ಬರಿಗೆ 60 ಆಗಿ, ಇನ್ನೊಬ್ಬರಿಗೆ 55ಕ್ಕಿಂತ ಕಡಿಮೆ ಇರಬಾರದು. ಮನೆ ತಾವೇ ಸಂಪಾದಿಸಿದ್ದಾಗಿರಬೇಕು, ತಾವೇ ವಾಸವಿರುವುದಾಗಿರಬೇಕು, ಅದರ ಮೇಲೆ ಬೇರೆ ಸಾಲ ಇರಬಾರದು, ಕಟ್ಟಡಕ್ಕೆ ಇನ್ನೂ ಇಪ್ಪತ್ತು ವರ್ಷವಾದರೂ ಆಯುಸ್ಸು ಇರಬೇಕು. ಕಾಗದಪತ್ರ ಸ್ಪಷ್ಟವಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಖಾತೆಯಲ್ಲಿ ತಕರಾರು ಇದ್ದರೆ, ಭೂಪರಿವರ್ತನೆಯಾಗದ ಜಾಗದಲ್ಲಿ ಕಟ್ಟಿದ ಮನೆಯಾದರೆ ಬ್ಯಾಂಕಿನ ವಕೀಲರು ಅಲ್ಲಿಯೇ ತಡೆಯುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಪುಟ ತಿರುಗಿಸಬೇಡಿ. ನಾನು ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಹೇಳುವುದು, ಬಡ್ಡಿಯ ಗಣಿತ ಬಾರದವನನ್ನು ಬಡ್ಡಿ ಕೊಡುವವನೇ ಮೊದಲು ಗುರುತಿಸುತ್ತಾನೆ.

ಪುತ್ತೂರಿನ ಸಮೀಪ ಎಂಟು ಸೆಂಟ್ಸ್ ಜಾಗದಲ್ಲಿ ಸ್ವಂತ ಮನೆಯಿರುವ ಒಬ್ಬ ದಂಪತಿ ಎಂದಿಟ್ಟುಕೊಳ್ಳೋಣ. ಯಜಮಾನರಿಗೆ 66, ಅವರ ಪತ್ನಿಗೆ 61. ಒಬ್ಬ ಮಗ ದುಬೈಯಲ್ಲಿ, ಒಬ್ಬ ಮಗಳು ಮದುವೆಯಾಗಿ ಗಂಡನ ಮನೆಯಲ್ಲಿ. ಮನೆಯ ಬೆಲೆ 40 ಲಕ್ಷವೆಂದು ಬ್ಯಾಂಕಿನ ಮೌಲ್ಯಮಾಪಕರು ಬರೆದರು. ಬ್ಯಾಂಕು ಇಡೀ 40 ಲಕ್ಷದ ಮೇಲೆ ಸಾಲ ಕೊಡುವುದಿಲ್ಲ. ಎಷ್ಟು ಪಾಲು ಕೊಡುತ್ತದೆ ಎಂಬುದು ವಯಸ್ಸಿಗೂ ಬ್ಯಾಂಕಿಗೂ ತಕ್ಕಂತೆ ಬೇರೆ ಬೇರೆ. ನಮ್ಮ ಲೆಕ್ಕಕ್ಕೆ ಶೇ. 80 ಎಂದಿಡೋಣ, ಅಂದರೆ 32 ಲಕ್ಷ. ಅವಧಿ 15 ವರ್ಷ, ಬಡ್ಡಿ ವರ್ಷಕ್ಕೆ ಶೇ. 10.

ಇಲ್ಲಿಯೇ ಹೆಚ್ಚಿನವರು ಎಡವುವುದು. ಈ 32 ಲಕ್ಷ ಕೈಗೆ ಬರುವ ಹಣವಲ್ಲ. 15 ವರ್ಷದ ಕೊನೆಗೆ ಅಸಲು ಬಡ್ಡಿ ಎಲ್ಲ ಸೇರಿ ಸಾಲ ಎಷ್ಟಕ್ಕೆ ಮುಟ್ಟಬಹುದು ಎಂಬುದರ ಮಿತಿ ಅದು. ಆ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ಯಾಂಕು ತಿಂಗಳ ಕಂತನ್ನು ತೀರ್ಮಾನಿಸುತ್ತದೆ. ನಮ್ಮ ದಂಪತಿಗೆ ಬರುವುದು ತಿಂಗಳಿಗೆ ಸುಮಾರು 7,720 ರೂಪಾಯಿ. ನಲ್ವತ್ತು ಲಕ್ಷದ ಮನೆ ಇಟ್ಟು ಎಂಟು ಸಾವಿರವೂ ಇಲ್ಲ. ಅವಧಿಯನ್ನು 20 ವರ್ಷಕ್ಕೆ ಎಳೆದರೆ ಕಂತು ಇನ್ನೂ ಇಳಿದು ಸುಮಾರು 4,200 ರೂಪಾಯಿ ಆಗುತ್ತದೆ.

ಐದು ವರ್ಷ ಕಳೆದಾಗ ಅವರ ಕೈಗೆ ಬಂದದ್ದು ಸುಮಾರು 4.63 ಲಕ್ಷ, ಬ್ಯಾಂಕಿನ ಪುಸ್ತಕದಲ್ಲಿ ಸಾಲ 5.98 ಲಕ್ಷ. ಅಷ್ಟೇನೂ ಭಯವೆನಿಸುವುದಿಲ್ಲ. ಹತ್ತು ವರ್ಷವಾದಾಗ ಬಂದದ್ದು 9.26 ಲಕ್ಷ, ಸಾಲ 15.8 ಲಕ್ಷ. ಹದಿನೈದು ವರ್ಷ ಮುಗಿದಾಗ ಬಂದದ್ದು ಒಟ್ಟು 13.9 ಲಕ್ಷ, ಸಾಲ 32 ಲಕ್ಷ. ಕೊನೆಯ ಐದು ವರ್ಷದಲ್ಲಿ ಅವರು ಪಡೆದದ್ದು ಮೊದಲ ಐದು ವರ್ಷದಷ್ಟೇ, ಆದರೆ ಸಾಲ ಏರಿದ್ದು ಹದಿನಾರು ಲಕ್ಷಕ್ಕೂ ಮಿಗಿಲು. ಚಕ್ರಬಡ್ಡಿ ಮೊದಮೊದಲು ತೆವಳುತ್ತದೆ, ಕೊನೆಗೆ ಓಡುತ್ತದೆ.

ಹದಿನೈದು ವರ್ಷ ಮುಗಿದ ದಿನ ಏನಾಗುತ್ತದೆ? ಬ್ಯಾಂಕಿನವರು ಮನೆ ಖಾಲಿ ಮಾಡಿ ಎನ್ನುವುದಿಲ್ಲ. ಬದುಕಿರುವವರೆಗೆ ಇರಬಹುದು. ಆದರೆ ತಿಂಗಳ 7,720 ನಿಂತು ಹೋಗುತ್ತದೆ. ಬಡ್ಡಿ ನಿಲ್ಲುವುದಿಲ್ಲ. ನಮ್ಮ ಯಜಮಾನರು ಹನ್ನೊಂದನೇ ವರ್ಷದಲ್ಲಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ಪತ್ನಿಯೂ ಸಹ ಸಾಲಗಾರಳಾಗಿ ಸಹಿ ಹಾಕಿದ್ದರಿಂದ ಇನ್ನು ನಾಲ್ಕು ವರ್ಷ ಕಂತು ಬರುತ್ತದೆ. ಆಗ ಅವರಿಗೆ 76 ವರ್ಷ. ಅಲ್ಲಿಂದ ಕಂತು ಇಲ್ಲ. ಅವರು 81ರವರೆಗೆ ಬದುಕಿದರೆ ಒಂದು ಪೈಸೆಯೂ ಕೈಗೆ ಬಾರದ ಆ ಐದು ವರ್ಷಗಳಲ್ಲಿ ಸಾಲ 32 ಲಕ್ಷದಿಂದ 52.6 ಲಕ್ಷಕ್ಕೆ ಏರಿರುತ್ತದೆ. ದುಡ್ಡು ಹೆಚ್ಚು ಬೇಕಾಗುವುದು ಯಾವ ವಯಸ್ಸಿನಲ್ಲಿ? ಎಂಬತ್ತರಲ್ಲಿ. ನಿಲ್ಲುವುದೂ ಆಗಲೇ. ಈ ಯೋಜನೆಯ ದೊಡ್ಡ ಕೊರತೆ ಇದೇ ಎಂದು ನನಗನಿಸುತ್ತದೆ. ಇದನ್ನು ಸರಿಪಡಿಸಲು ಬದುಕಿರುವವರೆಗೂ ಕಂತು ಕೊಡುವ, ವಿಮಾ ಕಂಪೆನಿಯನ್ನು ಸೇರಿಸಿಕೊಂಡ ಇನ್ನೊಂದು ರೂಪವನ್ನೂ ಮುಂದೆ ತಂದರು. ಬ್ಯಾಂಕಿಗೆ ಹೋದವರು ಅದು ಅಲ್ಲಿ ಸಿಗುತ್ತದೆಯೇ ಎಂದು ಕೇಳಲೇಬೇಕು.

ಇಬ್ಬರೂ ತೀರಿಕೊಂಡ ಬಳಿಕ ಬ್ಯಾಂಕು ವಾರೀಸುದಾರರಿಗೆ ತಿಳಿಸುತ್ತದೆ. ಅವರ ಮುಂದೆ ಎರಡು ದಾರಿ. 52.6 ಲಕ್ಷ ಕಟ್ಟಿ ಮನೆ ಉಳಿಸಿಕೊಳ್ಳುವುದು, ಇಲ್ಲವೇ ಮಾರಾಟಕ್ಕೆ ಬಿಡುವುದು. ಮನೆಯ ಬೆಲೆ ವರ್ಷಕ್ಕೆ ಶೇ. 3ರಂತೆ ಏರಿದ್ದರೆ ಇಪ್ಪತ್ತು ವರ್ಷಕ್ಕೆ 72 ಲಕ್ಷವಾಗಿರುತ್ತದೆ. ಸಾಲ ಕಳೆದು ಹತ್ತೊಂಬತ್ತೂವರೆ ಲಕ್ಷ ಮಕ್ಕಳಿಗೆ ಸಿಗುತ್ತದೆ. ಬೆಲೆ ಏರದೆ 45 ಲಕ್ಷಕ್ಕೇ ಹೋಯಿತು ಎಂದುಕೊಳ್ಳಿ. ಆಗ ಬ್ಯಾಂಕು 45 ಲಕ್ಷ ತೆಗೆದುಕೊಂಡು ಸುಮ್ಮನಿರಬೇಕು. ಉಳಿದ ಏಳೂವರೆ ಲಕ್ಷಕ್ಕೆ ಮಗನ ಸಂಬಳಕ್ಕಾಗಲಿ ಮಗಳ ಚಿನ್ನಕ್ಕಾಗಲಿ ಕೈಹಾಕುವಂತಿಲ್ಲ. ಮನೆಯ ಬೆಲೆಗಿಂತ ಹೆಚ್ಚು ವಸೂಲಿ ಇಲ್ಲವೆಂಬುದು ನಿಯಮದಲ್ಲೇ ಇದೆ, ಇದು ಈ ಯೋಜನೆಯ ಒಳ್ಳೆಯ ಭಾಗ. ಆದರೆ ಮಾರಾಟಕ್ಕೆ ಕೊಡುವ ಕಾಲಾವಕಾಶ ದೊಡ್ಡದಲ್ಲ, ಕೆಲವು ತಿಂಗಳಷ್ಟೇ. ಇದ್ದತ್ ಮುಗಿಯದ ಮನೆ, ಊರಿಗೆ ಬಾರದ ಮಗ, ಅವಸರದ ಮಾರಾಟ. ಹೀಗೆ ಬೆಲೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಈ ಸಾಲದ ವಿಷಯ ಮಕ್ಕಳಿಗೆ ಮೊದಲೇ ಗೊತ್ತಿರಬೇಕು.

ಈಗ ವಿಶೇಷವಾಗಿ ಸ್ತ್ರೀಯರಿಗೆ ಒಂದು ಮಾತು. ಮನೆ ಗಂಡನ ಹೆಸರಿನಲ್ಲಿದ್ದರೂ ಸಾಲದ ಪತ್ರದಲ್ಲಿ ಹೆಂಡತಿ ಸಹ ಸಾಲಗಾರಳಾಗಿ ಸಹಿ ಹಾಕಲೇಬೇಕು. "ಅವಳಿಗೇನು ಗೊತ್ತು, ನಾನೊಬ್ಬನೇ ಸಹಿ ಹಾಕುತ್ತೇನೆ" ಎಂದು ಯಜಮಾನರು ಹೊರಟರೆ ತಡೆಯಿರಿ. ಅವರೊಬ್ಬರೇ ಸಾಲಗಾರರಾಗಿದ್ದರೆ ಅವರು ತೀರಿಕೊಂಡ ದಿನವೇ ಸಾಲ ಮರುಪಾವತಿಗೆ ಬರುತ್ತದೆ. ಕಣ್ಣೀರು ಒರೆಸಿಕೊಳ್ಳುವ ಮೊದಲೇ ವಿಧವೆ ಮನೆ ಬಿಡುವ ಮಾತು ಕೇಳಬೇಕಾಗುತ್ತದೆ. ಒಂದು ಸಹಿಯಿಂದ ತಪ್ಪುವ ಸಂಕಟವಿದು.

ಇನ್ನು ಗಂಡ ತೀರಿಹೋದ ಮೇಲೆ ಈ ಯೋಜನೆಗೆ ಹೊರಟ ವಿಧವೆಯರ ಸಂಗತಿ. ನಮ್ಮ ಕುಟುಂಬಗಳಲ್ಲಿ ಎಷ್ಟೋ ಕಡೆ ಮನೆಯ ಖಾತೆ ತೀರಿಹೋದವರ ಹೆಸರಿನಲ್ಲಿಯೇ ಉಳಿದಿರುತ್ತದೆ. ಮಕ್ಕಳಿದ್ದರೆ ಪತ್ನಿಗೆ ವಾರೀಸು ಪಾಲು ಎಂಟರಲ್ಲಿ ಒಂದು. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದರಂತೆ ಪಾಲು. ಗಂಡನ ತಂದೆತಾಯಿ ಬದುಕಿದ್ದರೆ ಅವರಿಗೂ ಇದೆ. ಅಂದರೆ ಇಪ್ಪತ್ತು ವರ್ಷ ಉಜ್ಜಿ ತೊಳೆದ ಮನೆಯಾದರೂ ಅದರ ಪೂರ್ತಿ ಮಾಲೀಕಳು ಆಕೆಯಲ್ಲ. ಪಾಲಾಗದ ಮನೆಯ ಮೇಲೆ ಒಬ್ಬಳ ಸಹಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಎಲ್ಲ ವಾರೀಸುದಾರರು ಸೇರಿ ಆಕೆಯ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ನೋಂದಾಯಿಸಿದರೂ ಅದನ್ನು "ಸ್ವಯಾರ್ಜಿತ" ಎಂದು ಒಪ್ಪುವುದು ಆ ಬ್ಯಾಂಕಿಗೆ ಬಿಟ್ಟದ್ದು. ಹಿಬಾ ಮೂಲಕ ಬಂದ ಮನೆಗೂ ಇದೇ ಪ್ರಶ್ನೆ ಬರುತ್ತದೆ. ಹಕ್ಕು ಬಿಡುವ ಪತ್ರಕ್ಕೆ ಖರ್ಚು ಮಾಡುವ ಮುನ್ನ ಬ್ಯಾಂಕಿನಲ್ಲಿ ಕೇಳಿ, ಉತ್ತರವನ್ನು ಬರೆದು ಕೊಡಲು ಹೇಳಿ.

ಕೆಲವು ಬ್ಯಾಂಕುಗಳು ನೋಂದಾಯಿತ ಉಯಿಲು ಕೇಳುತ್ತವೆ, ಸಾಮಾನ್ಯವಾಗಿ ಹೆಂಡತಿಯ ಹೆಸರಿಗೆ. ನಮಗೆ ಇಲ್ಲಿ ಒಂದು ತೊಡಕಿದೆ. ಮುಸ್ಲಿಂ ವೈಯಕ್ತಿಕ ಕಾನೂನಿನ ಪ್ರಕಾರ ಹೆಂಡತಿ ಸ್ವತಃ ವಾರೀಸುದಾರಳು. ವಾರೀಸುದಾರರಿಗೆ ಬರೆದ ವಸಿಯ್ಯತ್, ಉಳಿದ ವಾರೀಸುದಾರರು ಮರಣದ ಬಳಿಕ ಒಪ್ಪಿದರೆ ಮಾತ್ರ ನಡೆಯುತ್ತದೆ. ಬ್ಯಾಂಕಿನ ಮಾದರಿ ಉಯಿಲಿಗೆ ಸಹಿ ಹಾಕಿ ನಿಶ್ಚಿಂತರಾಗುವಂತಿಲ್ಲ. ಈ ಕಾನೂನು ಬಲ್ಲ ವಕೀಲರಿಗೆ ತೋರಿಸಬೇಕು.

ಕಂತು ಶುರುವಾದ ಬಳಿಕ ಕೈತಪ್ಪುವುದು ಹೇಗೆ ಎಂಬುದನ್ನೂ ನೋಡೋಣ. ದಂಪತಿ ಒಂದು ವರ್ಷ ಪೂರ್ತಿ ಆ ಮನೆಯಲ್ಲಿ ವಾಸವಿಲ್ಲದಿದ್ದರೆ ಶಾಶ್ವತವಾಗಿ ಬಿಟ್ಟುಹೋದರು ಎಂದು ಬ್ಯಾಂಕು ಪರಿಗಣಿಸಬಹುದು, ಸಾಲ ಆಗಲೇ ಮರಳಿಸಬೇಕಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ಸೊಸೆಯ ಬಾಣಂತನಕ್ಕೆಂದು ದುಬೈಗೆ ಹೋದ ಉಮ್ಮ, ಮೊಮ್ಮಗುವಿನ ಪ್ರೀತಿಗೆ ಅಲ್ಲೇ ಉಳಿದು ವೀಸಾ ಮುಂದುವರಿಸಿಕೊಳ್ಳುವುದುಂಟು. ಹೋಗುವುದಿದ್ದರೆ ಹೋಗುವ ಮೊದಲೇ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ವರ್ಷ ತುಂಬುವ ಮುನ್ನ ಹಿಂದಿರುಗಿ. ಎರಡನೆಯದು ಬಾಡಿಗೆ. ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟರೂ ಷರತ್ತು ಮುರಿದಂತೆ. ಮನೆಯ ಪತ್ರಕ್ಕೆ ಮಗನ ಹೆಸರು ಸೇರಿಸುವುದು, ಮಗಳಿಗೆ ಹಿಬಾ ಬರೆಯುವುದು, ಅದರ ಮೇಲೆ ಇನ್ನೊಂದು ಸಾಲ ತೆಗೆಯುವುದು, ಮನೆ ತೆರಿಗೆ ಮತ್ತು ವಿಮೆ ಕಟ್ಟದಿರುವುದು, ಸೋರುವ ಮಾಡನ್ನು ಹಾಗೇ ಬಿಡುವುದು, ಇವೂ ಅಂಥವೇ. ತೆರಿಗೆ, ವಿಮೆ, ದುರಸ್ತಿಯ ಹಣವನ್ನು 7,720ರಲ್ಲಿಯೇ ತೆಗೆದಿಡಬೇಕೆಂಬುದು ನೆನಪಿರಲಿ. ಬ್ಯಾಂಕು ಐದು ವರ್ಷಕ್ಕೊಮ್ಮೆಯಾದರೂ ಮನೆಯ ಬೆಲೆ ಮತ್ತೆ ಕಟ್ಟುತ್ತದೆ. ಬಡ್ಡಿ ದರವೂ ಬದಲಾಗಬಹುದು. ಆಗ ಕಂತು ಏರಿದರೆ ಸಂತೋಷ, ಇಳಿಯುವ ಸಾಧ್ಯತೆಯೂ ಇದೆ.

ಓದುತ್ತಿರುವ ನಿಮ್ಮ ಮನಸ್ಸಿನಲ್ಲಿ ಆಗಲೇ ಒಂದು ಪ್ರಶ್ನೆ ಎದ್ದಿರುತ್ತದೆ. ಬಡ್ಡಿಯಲ್ಲವೇ ಇದು? ಹೌದು, ಬಡ್ಡಿಯೇ, ಚಕ್ರಬಡ್ಡಿ. ಕಂತನ್ನು ಪಿಂಚಣಿಯೆಂದು ಕರೆದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ನಿಮ್ಮ ಸಂದರ್ಭಕ್ಕೆ ತಕ್ಕ ತೀರ್ಪನ್ನು ನೀವು ನಂಬುವ ಆಲಿಮರಲ್ಲಿ ಕೇಳಬೇಕು, ನಾನು ಫತ್ವಾ ಕೊಡಲು ಹೊರಟಿಲ್ಲ. ಆದರೆ ಲೆಕ್ಕದ ದೃಷ್ಟಿಯಿಂದ ಒಂದು ಸಂಗತಿಯನ್ನು ತೋರಿಸಬಲ್ಲೆ.

ನಮ್ಮ ಉದಾಹರಣೆಯ ಮಗ ದುಬೈಯಲ್ಲಿ ಇದ್ದಾನಲ್ಲವೇ? ಅವನು ಅದೇ 7,720 ರೂಪಾಯಿಯನ್ನು ತಂದೆಗೆ ಬಡ್ಡಿಯಿಲ್ಲದ ಸಾಲವಾಗಿ, ಕರ್ಝ್ ಹಸನ್ ಆಗಿ ತಿಂಗಳು ತಿಂಗಳು ಕಳುಹಿಸಿದ ಎಂದುಕೊಳ್ಳಿ. ಹದಿನೈದು ವರ್ಷಕ್ಕೆ ಮನೆಯ ಮೇಲಿನ ಭಾರ 32 ಲಕ್ಷವಲ್ಲ, 13.9 ಲಕ್ಷ ಮಾತ್ರ. ವಾರೀಸು ಪಾಲಾಗುವ ಮೊದಲು ಮೃತರ ಸಾಲ ತೀರಬೇಕೆಂಬುದು ನಮ್ಮ ನಿಯಮ. ಮನೆ ಮಾರಿದಾಗ ಆ ಮೊತ್ತ ಮಗನಿಗೆ ಮೊದಲು ಸಂದು, ಉಳಿದದ್ದು ಮಗನಿಗೂ ಮಗಳಿಗೂ ಪಾಲಾಗುತ್ತದೆ. ಮಗನಿಗೂ ನಷ್ಟವಿಲ್ಲ, ಮಗಳ ಪಾಲೂ ಕರಗುವುದಿಲ್ಲ. ಇದು ಮಗನ ಕರ್ತವ್ಯವೇ, ಸಾಲವೆಂದು ಏಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಶಕ್ತಿಯಿದ್ದು ಉಚಿತವಾಗಿ ಕೊಟ್ಟರೆ ಬಹಳ ಒಳ್ಳೆಯದು. ಆದರೆ ಸೊಸೆ, ಮಕ್ಕಳು, ಬಾಡಿಗೆ ಎಂದು ಕಷ್ಟಪಡುವ ಮಗನೂ, ಕೈಚಾಚಲು ನಾಚುವ ತಂದೆಯೂ ಇಬ್ಬರೂ ಒಪ್ಪಿಕೊಳ್ಳುವ ದಾರಿ ಇದು. ಅದಕ್ಕೆ ಬಾಯಿಮಾತು ಸಾಲದು. ಮೊದಲ ದಿನವೇ ಸ್ಟಾಂಪ್ ಕಾಗದದಲ್ಲಿ ಒಪ್ಪಂದ ಬರೆದು ಮಗಳಿಗೂ ತೋರಿಸಬೇಕು. ಹಣ ಬ್ಯಾಂಕ್ ಖಾತೆಯ ಮೂಲಕವೇ ಬರಬೇಕು. ಸಾಲದ ದಾವೆಗೆ ಕಾನೂನಿನಲ್ಲಿ ಮೂರು ವರ್ಷದ ಕಾಲಮಿತಿಯಿದೆ, ಆದ್ದರಿಂದ ಮೂರು ವರ್ಷ ತುಂಬುವ ಮೊದಲೇ ತಂದೆ "ಇಷ್ಟು ಸಾಲ ಬಾಕಿಯಿದೆ" ಎಂದು ಬರೆದು ಸಹಿ ಹಾಕಿಕೊಡುತ್ತಾ ಬರಬೇಕು. ಹೀಗೆ ಮಾಡದೆ ಬಿಟ್ಟ ಕಡೆಗಳಲ್ಲಿಯೇ ಅಣ್ಣ ತಂಗಿ ಮಾತು ಬಿಡುವುದು.

ಮೇಲಂತಸ್ತು ಇರುವವರು ಬಾಡಿಗೆಯ ಲೆಕ್ಕವನ್ನೂ ಹಾಕಿ ನೋಡಲಿ. ಐದಾರು ಸಾವಿರ ಬಾಡಿಗೆ ಬಂದರೆ ಅದು ಬ್ಯಾಂಕಿನ ಕಂತಿಗೆ ಹತ್ತಿರವೇ ಆಯಿತು, ಸಾಲವೂ ಇಲ್ಲ. ಅದೇ ವಯಸ್ಸಾದವರು ಮೆಟ್ಟಿಲು ಹತ್ತಲಾರರು, ಮೇಲಿನ ಕೋಣೆಗಳು ಬೀಗ ಹಾಕಿ ಧೂಳು ತಿನ್ನುತ್ತಿರುತ್ತವೆ.

ಇನ್ನೊಂದು ದಾರಿ ಮಾತ್ರ ಬೇಡವೆನ್ನುತ್ತೇನೆ. ನೋಡಿಕೊಳ್ಳುತ್ತೇನೆಂಬ ಮಾತಿಗೆ ಮರುಳಾಗಿ ಬದುಕಿರುವಾಗಲೇ ಇಡೀ ಮನೆಯನ್ನು ಒಬ್ಬ ಮಗನ ಹೆಸರಿಗೆ ಬರೆದುಕೊಡುವುದು. ಬರೆಯಲೇಬೇಕಾಗಿ ಬಂದರೆ "ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಆ ಪತ್ರದೊಳಗೇ ಬರೆಸಿ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯ 23ನೇ ಸೆಕ್ಷನ್‌ನಂತೆ, ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಪತ್ರದಲ್ಲಿ ಷರತ್ತೇ ಇಲ್ಲದಿದ್ದರೆ ವಾದ ದುರ್ಬಲವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಮಕ್ಕಳಿಲ್ಲದ, ಬಾಡಿಗೆಗೆ ಕೊಡಲು ಕೋಣೆಯಿಲ್ಲದ, ಬೇರೆ ದಾರಿ ಕಾಣದ ಹಿರಿಯರು ಬ್ಯಾಂಕಿನ ಮೆಟ್ಟಿಲು ಹತ್ತುವುದುಂಟು. ಅಂಥವರು ಹಳ್ಳಿಯ ಶಾಖೆಗಿಂತ ಜಿಲ್ಲಾ ಕೇಂದ್ರದ ದೊಡ್ಡ ಶಾಖೆಗೆ ಹೋಗುವುದು ಮೇಲು, ಸಣ್ಣ ಶಾಖೆಗಳಲ್ಲಿ ಈ ಯೋಜನೆಯ ಹೆಸರು ಕೇಳಿದವರೇ ಇರುವುದಿಲ್ಲ. ಅಲ್ಲಿ ಒಂದು ಹಾಳೆ ಕೇಳಿ ಪಡೆಯಿರಿ. ಪ್ರತಿ ವರ್ಷದ ಕೊನೆಗೆ ನಮಗೆ ಬಂದದ್ದೆಷ್ಟು, ಸಾಲ ಎಷ್ಟು, ಅವಧಿ ಮುಗಿದು ಐದು, ಹತ್ತು ವರ್ಷ ಬದುಕಿದರೆ ಎಷ್ಟು ಎಂದು ಅವರೇ ಬರೆದುಕೊಡಲಿ. ಸಂಸ್ಕರಣಾ ಶುಲ್ಕ, ಮೌಲ್ಯಮಾಪಕರ ಫೀ, ವಕೀಲರ ಫೀ, ಸ್ಟಾಂಪ್ ಖರ್ಚು ಯಾರ ತಲೆಗೆ ಎಂದೂ ಕೇಳಿ, ಸಾಮಾನ್ಯವಾಗಿ ಅದು ನಿಮ್ಮ ತಲೆಗೇ. ಆಸ್ಪತ್ರೆಯ ಖರ್ಚಿಗೆ ಒಟ್ಟಾಗಿ ಒಂದು ಮೊತ್ತ ಪಡೆಯಲು ಅವಕಾಶವಿದೆ, ಆದರೆ ಅದು ಅರ್ಹ ಸಾಲದ ಅರ್ಧವನ್ನು ಮೀರುವಂತಿಲ್ಲ, ತೆಗೆದಷ್ಟು ಕಂತು ಕುಗ್ಗುತ್ತದೆ. ವ್ಯಾಪಾರಕ್ಕೆ, ಶೇರಿಗೆ ಈ ಹಣ ಬಳಸುವಂತಿಲ್ಲ. ಬರುವ ಕಂತು ಸಾಲವಾದ್ದರಿಂದ ಅದಕ್ಕೆ ಆದಾಯ ತೆರಿಗೆ ಇಲ್ಲವೆಂದು 2008ರಲ್ಲಿಯೇ ಕಾನೂನಿನಲ್ಲಿ ಸ್ಪಷ್ಟಪಡಿಸಲಾಗಿದೆ.

ಸಹಿ ಹಾಕಿದ ಬಳಿಕವೂ ಮನಸ್ಸು ಬದಲಾದರೆ ಹಿಂದೆ ಸರಿಯಲು ಕೆಲವೇ ದಿನಗಳ ಅವಕಾಶವಿರುತ್ತದೆ. ಎಷ್ಟು ದಿನವೆಂದು ಸಹಿ ಹಾಕುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಕಾಗದವನ್ನು ಮನೆಯ ಮೂಲಪತ್ರಗಳ ನಕಲಿನೊಂದಿಗೆ ಒಂದೇ ಫೈಲಿನಲ್ಲಿಟ್ಟು, ಅದು ಯಾವ ಕಪಾಟಿನಲ್ಲಿದೆ ಎಂದು ಮಗಳಿಗೋ ತಂಗಿಗೋ ಹೇಳಿಡಿ.